ಸೂಜಿ ಇಡುವಷ್ಟು ಆಳ

ಗಬ್ಬೂರಿನ ನಮ್ಮ ಹಳೆಯ ಮನೆ ಈಗ ಇಲ್ಲ. ಬೆಂಗಳೂರು ಕಡೆಯಿಂದ ಬರುವ ಹೆದ್ದಾರಿಯಿಂದ ನರೇಂದ್ರದತ್ತ ಹೋಗುವ ಬೈಪಾಸ್ ಕವಲೊಡೆಯುವುದು ಈ ಊರ ಹತ್ತಿರವೇ. ಗಬ್ಬೂರ ಎಂದರೆ ಇಂದಿನವರಿಗೆ ನೆನಪಾಗುವುದು ಆ ರಸ್ತೆ, ಲಾರಿಗಳು, ಟೋಲ್. ನಮಗೆ ಮಾತ್ರ ಮಣ್ಣಿನ ಮಾಳಿಗೆಯ ಒಂದು ಮನೆ, ಅದರ ನಡುವಿನ ಅಂಗಳ, ಅಂಗಳದ ಸುತ್ತ ನಿಂತಿದ್ದ ಎಂಟು ಸಾಗವಾನಿ ಕಂಬಗಳು. ಮನೆಯಲ್ಲಿ ನಾವದನ್ನು ಸೆಹನ್ ಎನ್ನುತ್ತಿದ್ದೆವು, ನೆರೆಯವರು ಅಂಗಳ ಎನ್ನುತ್ತಿದ್ದರು. ಬಿಸಿಲು ಎರಡು ಹೆಸರಿಗೂ ಒಂದೇ ರೀತಿ ಬೀಳುತ್ತಿತ್ತು.

2004ರಲ್ಲಿ ಹಿಸ್ಸೆಯಾಯಿತು. ಜಾಗ ನಾಲ್ಕು ಪಾಲಾದ ಮೇಲೆ ನಡುವೆ ಅಂಗಳ ಉಳಿಯುವುದಾದರೂ ಹೇಗೆ? ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ತಲೆಬಾಗಿಲು, ಕಂಬ, ಬೋದಿಗೆಗಳನ್ನು ಒಂದೇ ದಿನದಲ್ಲಿ ಲಾರಿಗೆ ಹೇರಿಸಿದರು. ಕೊಟ್ಟ ಕಾಗದದ ಮೇಲೆ ನಮ್ಮ ಸಹಿಯೂ ಇದೆ. ಅದನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ.

ಉಳಿದದ್ದು ಒಂದೇ ಫೋಟೋ. ಅಕ್ಕನ ಮದುವೆಯ ದಿನ ತೆಗೆದದ್ದು. ಮೂವತ್ತು ಜನರ ಹಿಂದೆ ಅರ್ಧ ಕಂಬ, ಒಂದು ಬೋದಿಗೆಯ ತುದಿ. ಎದುರಿನಿಂದ ಫ್ಲ್ಯಾಶ್ ಹೊಡೆದಿದ್ದರಿಂದ ಕಂಬದ ಮೇಲಿನ ಕಮಲ ಬಳಪದಲ್ಲಿ ಬರೆದ ಹಾಗೆ ಕಾಣುತ್ತದೆ. ಎರಡು ವರ್ಷದ ಹಿಂದೆ ಅಮ್ಮಿಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಆ ಫೋಟೋವನ್ನು ಹಿಡಿದು ಕೂತುಬಿಟ್ಟರು. ಮನುಷ್ಯರೆಲ್ಲ ಗುರುತು ಸಿಕ್ಕರು, ಮನೆ ಸಿಗಲಿಲ್ಲ. ಆಗ ಅಕ್ಕನ ಮಗ ಹೇಳಿದ, "ಮಾಮೂ, ನೀವು ಹೇಳ್ರಿ, ನಾನು ಕಂಪ್ಯೂಟರ್‌ನಾಗ ಮಾಡಸ್ತೀನಿ. ಬರೆದದ್ದನ್ನ ಓದಿ ಚಿತ್ರ ಮಾಡೋ ಎಐ ಐತಿ." ಇಪ್ಪತ್ತು ವರ್ಷದಿಂದ ಕಥೆ ಬರೆಯುವ ನಮಗೆ, ಬರೆದದ್ದು ಚಿತ್ರವಾಗುವುದು ಸುಲಭದ ಕೆಲಸ ಎನಿಸಿತು. ಸುಲಭವಾಗಿರಲಿಲ್ಲ.

ಅವನು ಬಳಸುವುದು ಸ್ಟೇಬಲ್ ಡಿಫ್ಯೂಷನ್ ಎಂಬ, 2022ರಲ್ಲಿ ಎಲ್ಲರ ಕೈಗೂ ಸಿಕ್ಕ ಸಾಧನ. ಇಂಗ್ಲಿಷಿನಲ್ಲಿ ಬರೆದರೆ ಚೆನ್ನಾಗಿ ತಿಳಿದುಕೊಳ್ಳುತ್ತದೆ. ಮೊದಲ ದಿನ ನಾವು ಬರೆಸಿದ್ದು ಇದು:

```
traditional Indian courtyard house, intricate carved wooden doors and pillars, highly detailed, 8k
```

ಒಂದು ನಿಮಿಷದೊಳಗೆ ಬಂದ ಚಿತ್ರ ನೋಡಿ ಹುಡುಗ ಹಿಗ್ಗಿದ. ಕಂಬ, ಬಾಗಿಲು, ಗೋಡೆ, ಎಲ್ಲೆಲ್ಲೂ ಕುಸುರಿ. ಒಂದು ಅಂಗುಲ ಬಿಡದೆ ಬಳ್ಳಿ, ಹೂವು. ಅದನ್ನು ಮುದ್ರಿಸಿ ನಾವು ಬಡಿಗೇರ ಕಾಕಾರ ಹತ್ತಿರ ಒಯ್ದೆವು. ಎಪ್ಪತ್ತು ದಾಟಿದವರು. ನಮ್ಮ ಮನೆಯ ಜಂತಿ ಬದಲಿಸಿದ್ದು ಅವರ ತಂದೆ. ಕಾಕಾ ಕನ್ನಡಕ ಏರಿಸಿ, ಚಿತ್ರವನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ ಹೇಳಿದರು: "ತಮ್ಮಾ, ಇದು ಕೆತ್ತಿದ್ದಲ್ಲ. ಹಾಳಿ ಅಂಟಿಸಿದ್ದು."

ಹೇಗೆ ತಿಳಿಯಿತು ಎಂದು ಕೇಳಿದೆವು. ಅವರು ಉಗುರಿನಿಂದ ಕಂಬದ ಅಂಚನ್ನು ಮೇಲಿನಿಂದ ಕೆಳಗೆ ಗೀರಿದರು. ಅಂಚು ನೆಟ್ಟಗಿತ್ತು. "ಅಂಗುಲದ ಆಳ ಕೆತ್ತಿದ ಕಂಬದ ಅಂಚು ಹಿಂಗ ನೂಲು ಹಿಡದಂಗ ಇರತೈತೇನು? ಹೂವು ಮೂಲಿಗೆ ಬಂದಲ್ಲೆ ಅಂಚು ಕಚ್ಚಿರಬೇಕು, ಉಬ್ಬಿರಬೇಕು." ಆಮೇಲೆ ನೆರಳು ತೋರಿಸಿದರು. ಒಂದು ಹೂವಿನ ನೆರಳು ಎಡಕ್ಕೆ, ಪಕ್ಕದ ಹೂವಿನದು ಬಲಕ್ಕೆ. ಎರಡು ಸೂರ್ಯ ಇದ್ದ ಹಾಗೆ. ಅವತ್ತಿನಿಂದ ಈ ಎರಡೇ ನಮ್ಮ ಪರೀಕ್ಷೆ. ಯಾವ ಚಿತ್ರ ಬಂದರೂ ಮೊದಲು ಅಂಚು ನೋಡುವುದು, ಆಮೇಲೆ ನೆರಳಿನ ದಿಕ್ಕು. ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ. ಬಣ್ಣ ಹೋದ ಕೂಡಲೇ ಕೆತ್ತನೆಯೂ ಮಾಯವಾದರೆ ಅದು ಕೆತ್ತನೆಯಲ್ಲ.

ರಾತ್ರಿ ನಾವು ಈ ಮಾತನ್ನೇ ಯೋಚಿಸಿದೆವು. ಪ್ರಾಥಮಿಕ ಶಾಲೆ ಉರ್ದುವಿನಲ್ಲಿ, ಮುಂದಿನದು ಕನ್ನಡದಲ್ಲಿ ಕಲಿತ ನಮಗೆ ಎರಡು ಮಾತುಗಳು ಸದಾ ಅಕ್ಕಪಕ್ಕ ಬಂದು ಕೂರುತ್ತವೆ. ಉರ್ದುವಿನ ನಕ್ಷ್ ಎಂದರೆ ಕೆತ್ತಿದ್ದೂ ಹೌದು, ಬರೆದ ಚಿತ್ರವೂ ಹೌದು, ಒತ್ತಿದ ಗುರುತೂ ಹೌದು. ಕನ್ನಡದ ಕೆತ್ತು ಹಾಗಲ್ಲ. ಅದರಲ್ಲಿ ಮರ ಹೋಗಬೇಕು, ಚಕ್ಕೆ ನೆಲಕ್ಕೆ ಬೀಳಬೇಕು. ಯಂತ್ರಕ್ಕೆ ನಾವು ಕೊಟ್ಟದ್ದು ನಕ್ಷ್, ಬೇಕಾಗಿದ್ದದ್ದು ಕೆತ್ತು. ಕುಸುರಿ, ಸೂಕ್ಷ್ಮ, ವಿವರ ಎಂದೆಲ್ಲ ವಿಶೇಷಣ ಪೇರಿಸಿದಷ್ಟೂ ಅದು ಗೆರೆಗಳನ್ನು ಹೆಚ್ಚಿಸುತ್ತ ಹೋಗುತ್ತದೆ, ಆಳವನ್ನಲ್ಲ. ಅದಕ್ಕೆ ಮರ ಗೊತ್ತಿಲ್ಲ, ಮರದ ಚಿತ್ರಗಳು ಗೊತ್ತು. ಚಿತ್ರದಲ್ಲಿ ಆಳ ಎಂಬುದು ಬೆಳಕು ಎಲ್ಲಿ ತಲುಪಲಿಲ್ಲ ಎನ್ನುವುದರ ಗುರುತು ಅಷ್ಟೆ. ಅಕ್ಕನ ಮದುವೆಯ ಫೋಟೋದಲ್ಲಿ ನಿಜವಾದ ಕಮಲವೇ ಚಪ್ಪಟೆಯಾಗಿದ್ದುದು ಇದೇ ಕಾರಣಕ್ಕೆ. ಬೆಳಕು ಕ್ಯಾಮೆರಾ ಇದ್ದ ಕಡೆಯಿಂದಲೇ ಬಂದು ಎಲ್ಲ ಗುಣಿಗಳನ್ನೂ ತುಂಬಿಬಿಟ್ಟಿತ್ತು.

ಹಾಗಾಗಿ ಮರುದಿನ ನಾವು ಕೆತ್ತನೆಯನ್ನು ಬಿಟ್ಟು ಬಿಸಿಲನ್ನು ನೆನಪಿಸಿಕೊಂಡೆವು. ನಮ್ಮ ಉತ್ತರದ ಪಡಸಾಲೆಯ ಕಂಬಗಳ ಮುಖ ಅಂಗಳದ ಕಡೆಗೆ, ಎಂದರೆ ದಕ್ಷಿಣಕ್ಕೆ. ಚಳಿಗಾಲದ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಪೂರ್ವದ ಗೋಡೆ ದಾಟಿ ಆ ಕಂಬಗಳ ಮಗ್ಗುಲಿಗೆ ಬೀಳುತ್ತಿತ್ತು. ಪೂರ್ವದ ಮುಖ ಪೂರ್ತಿ ಬೆಳಗುತ್ತಿತ್ತು. ಎದುರಿನ ಮುಖವನ್ನು ಬಿಸಿಲು ಸವರಿಕೊಂಡು ಹೋಗುತ್ತಿತ್ತು, ಅಷ್ಟೆ. ಆ ಹೊತ್ತಿಗೇ ಕಮಲದ ಎಸಳುಗಳು ಎದ್ದು ನಿಲ್ಲುತ್ತಿದ್ದವು. ಮಧ್ಯಾಹ್ನ ಅಂಗಳದಲ್ಲೆಲ್ಲ ಬೆಳಕು ಹರಡಿದ ಮೇಲೆ ಅವು ಮತ್ತೆ ಮರದೊಳಗೆ ಮಲಗುತ್ತಿದ್ದವು. ಇದನ್ನು ಹೀಗೆ ಬರೆಸಿದೆವು:

```
low morning sun raking across the wood from the right, crisp shadows inside the carving
```

`raking` ಎಂಬ ಒಂದು ಶಬ್ದ ಮಾಡಿದ ಕೆಲಸ ದೊಡ್ಡದು. ಫೋಟೋ ತೆಗೆಯುವವರು ಮಗ್ಗುಲಿನಿಂದ ಸವರುವ ಬೆಳಕಿಗೆ ಈ ಮಾತು ಬಳಸುತ್ತಾರೆ. ನೆರಳುಗಳು ಒಂದೇ ದಿಕ್ಕಿಗೆ ತಿರುಗಿದವು. `soft light` ಎಂದು ಬರೆದಾಗ ಚಿತ್ರ ಚೆಂದ ಕಂಡರೂ ಗುಣಿಗಳು ಮತ್ತೆ ತುಂಬಿಕೊಂಡವು. `dramatic light` ಎಂದರೆ ನಾಟಕದ ರಂಗಮಂಚದ ಹಾಗೆ ಹೊಗೆ, ಕಿರಣ ಬಂದವು. ಬೆಳಕಿನ ಗುಣ ಹೇಳಿದರೆ ಸಾಲದು, ಎಲ್ಲಿಂದ ಬಂದು ಯಾವುದರ ಮೇಲೆ ಬೀಳುತ್ತದೆ ಎಂದು ಹೇಳಬೇಕು.

ಅಂಚಿನ ದೋಷ ಮಾತ್ರ ಹೋಗಲಿಲ್ಲ. ಕಂಬವನ್ನು ಯಂತ್ರ ಪ್ರತಿಸಲ ನೇರ ಎದುರಿನಿಂದಲೇ ತೋರಿಸುತ್ತಿತ್ತು. ಒಂದೇ ಮುಖ ಕಂಡರೆ ಕಂಬ ಹಲಗೆಯೇ ಸರಿ. `three-quarter view` ಎಂದು ಸೇರಿಸಿದಾಗ ಎರಡು ಮುಖ ಕಂಡವು. ಒಂದು ಬಿಸಿಲಿನಲ್ಲಿ, ಒಂದು ಸವರುಬೆಳಕಿನಲ್ಲಿ, ನಡುವೆ ಒಂದು ಮೂಲೆ. ಆ ಮೂಲೆಯಲ್ಲಿ ಹೂವಿನ ಪಟ್ಟಿ ಬಾಗಿ ತಿರುಗಬೇಕಾಗಿ ಬಂದದ್ದರಿಂದ ಯಂತ್ರಕ್ಕೆ ಹಾಳಿ ಅಂಟಿಸುವುದು ಕಷ್ಟವಾಯಿತು.

ಬಾಗಿಲಿಗೂ ಇದೇ ಮಾತು. ನಮ್ಮ ತಲೆಬಾಗಿಲಿನ ಬಾಗಿಲವಾಡ ಮೂರು ಪಟ್ಟಿಯದು. ಹೊರಗಿನಿಂದ ಒಳಕ್ಕೆ ಒಂದೊಂದು ಪಟ್ಟಿಯೂ ಒಂದೊಂದು ಅಂಗುಲ ಹಿಂದೆ ಸರಿದು, ಕದಗಳು ಎಲ್ಲಕ್ಕಿಂತ ಒಳಗೆ ನಿಲ್ಲುತ್ತಿದ್ದವು. ಮುಚ್ಚಿದ ಬಾಗಿಲನ್ನು ಎದುರಿನಿಂದ ಕೇಳಿದರೆ ಮೂರೂ ಒಂದೇ ಮಟ್ಟಕ್ಕೆ ಬಂದು ಚಾಪೆಯ ಅಂಚಿನಂತಾದವು. ಒಂದು ಕದ ಅರ್ಧ ತೆರೆದಿದೆ, ಅದರ ದಪ್ಪ ಕಾಣುತ್ತಿದೆ, ಪಟ್ಟಿಗಳು ಮೆಟ್ಟಿಲಿನಂತೆ ಒಳಕ್ಕೆ ಇಳಿದಿವೆ ಎಂದು ಬರೆಸಿದಾಗ ಪ್ರತಿ ಪಟ್ಟಿಯೂ ತನ್ನ ಒಳಗಿನ ಪಟ್ಟಿಯ ಮೇಲೆ ನೆರಳು ಚೆಲ್ಲಿತು. ನಮಗೆ ಕದಕ್ಕಿಂತ ಆ ನೆರಳೇ ಹೆಚ್ಚು ಗುರುತು ಸಿಕ್ಕಿತು.

ಕಾಕಾ ಎರಡನೇ ಸಲ ಚಿತ್ರ ನೋಡಿ ಇನ್ನೊಂದು ಹೇಳಿದರು. "ಬಡಿಗ್ಯಾ ಎಲ್ಲಾ ಕಡೆ ಕೆತ್ತಂಗಿಲ್ಲ. ಖಾಲಿ ಬಿಟ್ಟಲ್ಲೆ ಅವನ ಕೈ ಕಾಣತೈತಿ." ನಮ್ಮ ಕಂಬದಲ್ಲಿ ನಿಜವಾಗಿ ಇದ್ದದ್ದು ಎದೆಮಟ್ಟದಲ್ಲಿ ಒಂದೇ ಕಮಲ, ಮೇಲೆ ಕೆಳಗೆ ಒಂದೊಂದು ಪಟ್ಟಿ, ಉಳಿದದ್ದು ಬೋಳು ಮರ. ಬೋಳು ಮರದ ಮಟ್ಟ ಕಣ್ಣಿಗೆ ಸಿಕ್ಕರೆ ಕಮಲ ಎಷ್ಟು ಒಳಗಿದೆ ಎಂದು ಅಳೆಯಬಹುದು. ಎಲ್ಲವೂ ಕೆತ್ತಿದ್ದರೆ ಯಾವುದರಿಂದ ಅಳೆಯುವುದು? `intricate`, `ornate`, `8k` ಮೂರನ್ನೂ ಅಳಿಸಿದೆವು. ಒಂದೇ ಹೂವು, ಅಂಗುಲ ಆಳ, ಎಸಳಿನ ಅಡಿಯೂ ಕೊರೆದಿದೆ, ಸುತ್ತ ಬೋಳು ಮರ ಎಂದು ಬರೆಸಿದೆವು. ಅಂಗುಲದ ಲೆಕ್ಕ ಯಂತ್ರಕ್ಕೆ ತಿಳಿಯುವುದಿಲ್ಲ. ಅರ್ಧ ಅಂಗುಲ ಎಂದರೂ ಎರಡು ಅಂಗುಲ ಎಂದರೂ ನಮಗೆ ಬಂದದ್ದು ಹೆಚ್ಚುಕಡಿಮೆ ಒಂದೇ. ಎಸಳಿನ ಅಡಿ ಕೊರೆದಿದೆ ಎಂಬ `undercut` ಮಾತು ಮಾತ್ರ ಎಸಳಿನ ಕೆಳಗೆ ಒಂದು ಕಪ್ಪು ಗೆರೆ ತಂದಿತು. ಗುಣಿಯಲ್ಲಿ ಧೂಳು, ಕೈ ತಾಗಿ ನುಣುಪಾದ ಉಬ್ಬು ಎಂದು ಸೇರಿಸಿದಾಗ ಆಳ ಇನ್ನಷ್ಟು ನಂಬುವಂತಾಯಿತು. ಬಟ್ಟೆಯಿಂದ ಒರೆಸುವ ಕೈ ಉಬ್ಬಿಗೆ ತಾಗುತ್ತದೆ, ತಗ್ಗಿಗೆ ತಲುಪುವುದಿಲ್ಲ. ಅಷ್ಟು ವರ್ಷದ ಒರೆಸುವಿಕೆ ಒಂದು ರೀತಿಯ ಬೆಳಕೇ ತಾನೆ?

ಬೋದಿಗೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. `bracket` ಎಂದು ಬರೆದರೆ ಗೋಡೆಗೆ ಹಲಗೆ ಕೂರಿಸುವ ಕಬ್ಬಿಣದ ಕೊಕ್ಕೆಯಂತಹದು ಬಂತು. ಇನ್ನೊಮ್ಮೆ ಕಂಬದ ಪಕ್ಕಕ್ಕೆ ಅಂಟಿಕೊಂಡು, ತೊಲೆಗೆ ತಾಗದೆ ಗಾಳಿಯಲ್ಲಿ ನಿಂತ ಆನೆಯ ಸೊಂಡಿಲು ಬಂತು. ಕಾಕಾ ನಕ್ಕುಬಿಟ್ಟರು. ಬೋದಿಗೆ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಕಂಬದ ತಲೆಯ ಗೂಟ ಬೋದಿಗೆಯ ತೂತಿನಲ್ಲಿ ಕೂರುತ್ತದೆ. ಬೋದಿಗೆ ಎರಡೂ ಕಡೆಗೆ ಕೈ ಚಾಚಿ ತೊಲೆಯನ್ನು ಹೊರುತ್ತದೆ. ಹಾಗೆ ಹೊತ್ತದ್ದರಿಂದ ಎರಡು ಕಂಬಗಳ ನಡುವೆ ತೊಲೆ ಆಸರೆಯಿಲ್ಲದೆ ದಾಟಬೇಕಾದ ದೂರ ಕಡಿಮೆಯಾಗುತ್ತದೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಾಳಿಗೆಯ ಮಣ್ಣು. ಅಷ್ಟೂ ಭಾರ ಇಳಿಯುವ ದಾರಿ ಅದು. ಕೆತ್ತನೆ ಬರುವುದು ಚಾಚಿದ ಕೈಯ ತುದಿಯಲ್ಲಿ ಮತ್ತು ಅಡಿಯಲ್ಲಿ. ತೊಲೆ ಕೂರುವ ಮೇಲ್ಮೈಯನ್ನು ಯಾವ ಬಡಿಗನೂ ಕೆತ್ತುವುದಿಲ್ಲ.

ಇದನ್ನು ತಿಳಿದ ಮೇಲೆ ಬೋದಿಗೆಯ ರೂಪ ಹೇಳುವುದನ್ನು ಬಿಟ್ಟು ಅದರ ಕೆಲಸ ಹೇಳಿದೆವು. ಹೆಸರನ್ನು `bracket capital` ಎಂದು ಬದಲಿಸಿದೆವು. ಹತ್ತರಲ್ಲಿ ನಾಲ್ಕು ಚಿತ್ರಗಳಲ್ಲಿ ಅದು ಸರಿಯಾದ ಜಾಗದಲ್ಲಿ ಕೂತಿತು. ಭಾರ ಹೊತ್ತಂತೆ ಕಾಣುವ ಬೋದಿಗೆಗೆ ಆಳ ತಾನಾಗಿ ಬರುತ್ತದೆ. ತೊಲೆಯ ನೆರಳು ಅದರ ಮೇಲೆ, ಅದರ ನೆರಳು ಕಂಬದ ಮೇಲೆ. ಕೊನೆಗೆ ನಮಗೆ ಒಗ್ಗಿದ ಸಾಲು ಇದು:

```
one square teak pillar, three-quarter view, right face in full sun,
front face in low raking light, single lotus cut deep, undercut petals,
plain wood around it, wide bracket capital carrying the beam,
dust in grooves, worn edges, small Deccan courtyard, mud walls
```

ಇದಕ್ಕಿಂತ ಉದ್ದ ಬರೆದರೆ ಕೊನೆಯ ಮಾತುಗಳ ಬಲ ಕುಗ್ಗುತ್ತದೆ. ನಾವು ಬಳಸಿದ ಸಾಧನ ಒಂದು ಸಲಕ್ಕೆ ಓದುವುದು ಸುಮಾರು 75 ಚೂರುಗಳನ್ನು. ಚೂರು ಎಂದರೆ ಒಂದು ಶಬ್ದ, ಇಲ್ಲವೇ ಶಬ್ದದ ತುಂಡು. ಕಥೆಗಾರನಿಗೆ ಇದು ಒಳ್ಳೆಯ ಶಿಕ್ಷೆ.

ಕೊನೆಯ ಸಾಲಿನಲ್ಲಿ `Deccan` ಎಂಬ ಶಬ್ದ ಏಕೆ ಬಂತು ಎಂಬುದನ್ನೂ ಹೇಳಬೇಕು. ಬರೀ `Indian` ಎಂದಾಗ ರಾಜಸ್ಥಾನದ ಹವೇಲಿ ಬರುತ್ತಿತ್ತು, ಬಾಗಿಲಿನ ಮೇಲ್ಪಟ್ಟಿಯ ನಡುವೆ ಗಣಪತಿ ಇರುತ್ತಿದ್ದ. ನಮ್ಮ ನೆರೆಮನೆಯ ಬಾಗಿಲಿನಲ್ಲೂ ಗಣಪತಿ ಇದ್ದ. ಅದೇ ಬಡಿಗನ ಕೈ ನಮ್ಮ ಬಾಗಿಲಿನಲ್ಲಿ ಅದೇ ಜಾಗಕ್ಕೆ ಕಮಲ ಇಟ್ಟಿತ್ತು. ಹುಡುಗ `no Ganesha` ಎಂದು ಬರೆದ. ಗಣಪತಿ ಇನ್ನೂ ದೊಡ್ಡದಾಗಿ ಬಂದ. ಯಂತ್ರ `no` ಎಂಬುದನ್ನು ಸರಿಯಾಗಿ ಓದುವುದಿಲ್ಲ, ಹೆಸರನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಬೇಡದ್ದನ್ನು ಬರೆಯಲು ಬೇರೆ ಖಾನೆ ಇದೆ, ಅದಕ್ಕಿಂತ ಒಳ್ಳೆಯದು ಆ ಜಾಗದಲ್ಲಿ ಏನಿತ್ತು ಎಂದು ಹೇಳುವುದು. ಮೇಲ್ಪಟ್ಟಿಯ ನಡುವೆ ಕಮಲ ಎಂದ ಕೂಡಲೇ ಕಮಲ ಬಂತು.

ಇನ್ನೊಂದು ಸಲ, ಮುಸ್ಲಿಮರ ಮನೆ ಎಂದು ಬರೆದು ನೋಡೋಣ ಎಂದೆವು. ಕಂಬಗಳೇ ಹೋಗಿ ಕಮಾನುಗಳು ಬಂದವು, ಜಾಲಂದ್ರ ಬಂತು, ಮಾಳಿಗೆಯ ಮೇಲೆ ಗುಮ್ಮಟ ಬಂತು. ಮಣ್ಣಿನ ಮಾಳಿಗೆಯ ಮೇಲೆ ಗುಮ್ಮಟ! ಕಮಾನು ನಮ್ಮದಲ್ಲ ಎನ್ನುತ್ತಿಲ್ಲ. ಆದರೆ ಬೀದರ ಕೋಟೆಯ ರಂಗೀನ್ ಮಹಲಿಗೆ ಹೋದವರು ನೋಡಿರುತ್ತಾರೆ. ಹದಿನಾರನೇ ಶತಮಾನದ ಬರೀದ್ ಶಾಹಿ ಸುಲ್ತಾನನ ಆ ಮಹಲಿನಲ್ಲಿ ನಿಂತಿರುವುದು ಕೆತ್ತಿದ ಮರದ ಕಂಬಗಳು, ಮೇಲೆ ಕೆತ್ತಿದ ಬೋದಿಗೆಗಳು. ನಮ್ಮ ಸೀಮೆಯಲ್ಲಿ ಮರ ಕೆತ್ತುವವನು ಒಬ್ಬನೇ, ಕೆತ್ತಿಸಿಕೊಳ್ಳುವವರು ಬೇರೆ ಬೇರೆ. ಯಂತ್ರಕ್ಕೆ ಕಲಿಸಿದ ಕೋಟಿಗಟ್ಟಲೆ ಚಿತ್ರಗಳಲ್ಲಿ ಈ ಮಾತು ಎಲ್ಲೋ ಕಳೆದುಹೋಗಿದೆ. ನಾವು ಮನೆಯವರ ಹೆಸರು ಅಳಿಸಿ, ಸೀಮೆಯ ಹೆಸರು ಮತ್ತು ಗೋಡೆಯ ಮಣ್ಣು ಉಳಿಸಿಕೊಂಡೆವು. ಮನೆ ಹತ್ತಿರ ಬಂತು.

ಅಷ್ಟಾದರೂ ಎಂಟು ಕಂಬಗಳು ಸಾಲಾಗಿ ನಿಲ್ಲಲಿಲ್ಲ. ಒಮ್ಮೆ ಆರು, ಒಮ್ಮೆ ಹನ್ನೊಂದು. ಮಾತಿನಿಂದ ಎಣಿಕೆ, ಅಳತೆ ಆಗದು ಎಂದು ಹುಡುಗ ಇನ್ನೊಂದು ದಾರಿ ಹಿಡಿದ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಬರೀ ಪೆಟ್ಟಿಗೆಗಳನ್ನು ನಿಲ್ಲಿಸಿ ಅಂಗಳದ ಅಳತೆ ಕಟ್ಟಿದ. ಅದರಿಂದ ಹತ್ತಿರದ್ದು ಬೆಳ್ಳಗೆ, ದೂರದ್ದು ಕಪ್ಪಗೆ ಇರುವ ಒಂದು ಆಳದ ನಕಾಶೆ ತೆಗೆದ. 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ಜೋಡಣೆ ಆ ನಕಾಶೆಯನ್ನು ಓದಿ, ಚಿತ್ರದಲ್ಲಿ ಪ್ರತಿಯೊಂದನ್ನೂ ಅಷ್ಟಷ್ಟೇ ದೂರದಲ್ಲಿ ಇಡುತ್ತದೆ. ಎಂಟೂ ಕಂಬಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಆದರೆ ಅವುಗಳ ಮೇಲಿನ ಕಮಲಗಳು ಮತ್ತೆ ಹಾಳಿಯಾಗಿದ್ದವು.

ಕಾರಣ ಹುಡುಕಲು ಒಂದು ಸಂಜೆ ಬೇಕಾಯಿತು. ನಕಾಶೆಯಲ್ಲಿ ಬಿಳಿಯಿಂದ ಕಪ್ಪಿನವರೆಗೆ ಇರುವುದು 256 ಮೆಟ್ಟಿಲು. ನಾವು ತೋರಿಸಬೇಕಾದ ಜಾಗದ ಉದ್ದ ಇಪ್ಪತ್ತು ಅಡಿ, ಎಂದರೆ 240 ಅಂಗುಲ. ಒಂದು ಮೆಟ್ಟಿಲಿಗೆ ಸುಮಾರು ಒಂದು ಅಂಗುಲ. ಹುಡುಗ ಕಮಲವನ್ನು ಕೊರೆದು ನಿಲ್ಲಿಸಿದ್ದರೂ ಅದರ ಪೂರ್ತಿ ಆಳ ಒಂದೇ ಮೆಟ್ಟಿಲಿನಲ್ಲಿ ಮುಗಿದುಹೋಗುತ್ತಿತ್ತು, ಎಸಳಿನ ಬಾಗು ಉಳಿಯುತ್ತಿರಲಿಲ್ಲ. ಅಂಗಳದ ಆಳ ಮತ್ತು ಹೂವಿನ ಆಳ ಒಂದೇ ನಕಾಶೆಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕೆಲಸವನ್ನು ಎರಡು ಮಾಡಿದೆವು. ಮೊದಲು ನಕಾಶೆಯಿಂದ ಇಡೀ ಅಂಗಳ. ಆಮೇಲೆ ಹತ್ತಿರದ ಒಂದು ಕಂಬದ ಎದೆಮಟ್ಟವನ್ನಷ್ಟೇ ದೊಡ್ಡದು ಮಾಡಿ, ಮೇಲಿನ ಸಾಲಿನಿಂದ ಅದೊಂದನ್ನು ಮತ್ತೆ ಬರೆಸಿ ಜಾಗಕ್ಕೆ ಕೂರಿಸುವುದು. ದೂರದ ಕಂಬಗಳನ್ನು ಹಾಗೇ ಬಿಟ್ಟೆವು. ನಿಜದ ಕಣ್ಣಿಗೂ ಇಪ್ಪತ್ತು ಅಡಿ ದೂರದ ಕಮಲ ಒಂದು ಮಸುಕು ಗುರುತೇ. ಎಲ್ಲವನ್ನೂ ಒಂದೇ ಸ್ಪಷ್ಟತೆಯಲ್ಲಿ ತೋರಿಸುವ ಚಿತ್ರ ಅಲ್ಲಿಯೇ ಸುಳ್ಳಾಗುತ್ತದೆ.

ಇಷ್ಟೆಲ್ಲ ಆಗುವ ಮೊದಲೇ, ಎರಡನೇ ವಾರದಲ್ಲಿ, ಒಂದು ಚಿತ್ರವನ್ನು ಅಮ್ಮಿಗೆ ತೋರಿಸಿದ್ದೆವು. ಅವರು ಕಂಬದ ಮೇಲೆ ಬೆರಳಿಟ್ಟು, "ಇಸ್ಮೆ ಉಂಗಲಿ ಕಾಂ ಜಾತಿ?" ಎಂದಿದ್ದರು. ಇದರಲ್ಲಿ ಬೆರಳು ಎಲ್ಲಿ ಹೋಗುತ್ತದೆ ಎಂದು. ಆಗ ತಿಳಿದದ್ದು. ಅವರು ಹೊಸ ಸೊಸೆಯಾಗಿ ಬಂದಾಗ ಆ ಕಮಲದ ಎಸಳಿನ ಅಡಿಯಲ್ಲಿ ದಾರ ಪೋಣಿಸಿದ ಸೂಜಿ ಸಿಕ್ಕಿಸಿಡುತ್ತಿದ್ದರಂತೆ. ಕೌದಿ ಹೊಲಿಯುತ್ತ ಕೂತವರು ಬಾಂಗ್ ಕೇಳಿ ಎದ್ದರೆ, ಮಕ್ಕಳ ಕಾಲಿಗೆ ಚುಚ್ಚದಿರಲಿ ಎಂದು. ಆ ಮನೆಯಲ್ಲಿ ಬೆಳೆದ ನಮಗೆ ಇದು ಗೊತ್ತಿರಲಿಲ್ಲ. ನಾವು ನೋಡುತ್ತಿದ್ದದ್ದು ಹೂವು, ಅವರಿಗೆ ಅದು ಜಾಗ.

ಕೊನೆಯ ಚಿತ್ರವನ್ನು ಮುದ್ರಿಸಿ ಅವರ ಕೈಗೆ ಕೊಟ್ಟೆವು. ಬಹಳ ಹೊತ್ತು ನೋಡಿದರು. ಎಸಳಿನ ಅಡಿಯ ಕಪ್ಪು ಗೆರೆಯ ಮೇಲೆ ಉಗುರು ಇಟ್ಟು, ಇಲ್ಲಿ ಇಡಬಹುದು ಎಂದರು. ಸ್ವಲ್ಪ ತಡೆದು, ಆದರೆ ಇದು ನಮ್ಮ ಕಂಬವಲ್ಲ, ನಮ್ಮದರ ಒಂದು ಎಸಳು ಮುರಿದಿತ್ತು ಎಂದರು. ಹುಡುಗ ಲ್ಯಾಪ್‌ಟಾಪ್ ತೆರೆದ. ಯಾವ ಎಸಳು ಎಂದು ಕೇಳಿದರೆ ಅಮ್ಮಿಗೆ ನೆನಪಿಲ್ಲ. ಫೋಟೋದಲ್ಲಿ ಕಮಲದ ಆ ಭಾಗಕ್ಕೆ ಯಾರದೋ ರುಮಾಲು ಅಡ್ಡ ಬಂದಿದೆ.

ಲ್ಯಾಪ್‌ಟಾಪ್ ಮುಚ್ಚಿಸಿದೆವು. ಗೊತ್ತಿಲ್ಲದ ಎಸಳನ್ನು ಯಂತ್ರ ಎಷ್ಟು ಚೆನ್ನಾಗಿ ಬೇಕಾದರೂ ಮುರಿದು ತೋರಿಸುತ್ತದೆ, ನೆರಳು ಸಮೇತ. ಆಮೇಲೆ ಅದೇ ನೆನಪಾಗಿ ಕೂತುಬಿಡುತ್ತದೆ. ಚಿತ್ರದ ಹಿಂದೆ ನಾವು ಪೆನ್ನಿನಲ್ಲಿ ಬರೆದಿಟ್ಟಿದ್ದೇವೆ: ಇದು ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಮಾಡಿಸಿದ್ದು. ಕಂಬ ಎಂಟು, ಕಮಲದ ಜಾಗ, ಬಿಸಿಲಿನ ದಿಕ್ಕು, ಬಾಗಿಲವಾಡದ ಮೂರು ಪಟ್ಟಿ, ಇವು ನೆನಪಿನಿಂದ. ಬಳ್ಳಿಯ ವಿವರ, ಬೋದಿಗೆಯ ತುದಿಯ ಕೆತ್ತನೆ, ಮರದ ಗೆರೆಗಳು, ಇವು ಯಂತ್ರದವು. ಒಂದು ಎಸಳು ಮುರಿದಿತ್ತು, ಯಾವುದೆಂದು ತಿಳಿದಿಲ್ಲ.